ಪೆರ್ಲದ ಹತ್ತಿರ ಮನೆ ಹುಡುಕುವುದು ಹೇಗೆ? ಬೀದಿ ಹೆಸರೂ ಇಲ್ಲ, ನಂಬ್ರವೂ ಕೆಲಸಕ್ಕೆ ಬರುತ್ತಿಲ್ಲ

ಹೊರಟವಳು:
ಬರುವ ಭಾನುವಾರ ಗೆಳತಿಯ ಮನೆಯಲ್ಲಿ ಪೂಜೆ. ಬೆಂಗಳೂರಿನಿಂದ ಕಾರಿನಲ್ಲಿ ಬರುತ್ತೇವೆ, ಜೊತೆಗೆ ವಯಸ್ಸಾದ ಅತ್ತೆ ಇರುತ್ತಾರೆ. ಆಮಂತ್ರಣದಲ್ಲಿ ಇರುವುದು ಇಷ್ಟೇ: ಬೈಲುಮೂಲೆ ಮನೆ, ಅಂಚೆ ಪೆರ್ಲ, ಕಾಸರಗೋಡು 671552. ಮ್ಯಾಪಿನಲ್ಲಿ ಬೈಲುಮೂಲೆ ಎಂದು ಹಾಕಿದರೆ ಬೇರೆ ಬೇರೆ ಊರು ತೋರಿಸುತ್ತದೆ. ಗೆಳತಿ ಒಂದು ಲೊಕೇಶನ್ ಕಳಿಸಿದ್ದಾಳೆ, ಅದೂ ತೋಟದ ನಡುವೆ ಬಿದ್ದಿದೆ. ನಂಬಿ ಬರಬಹುದಾ?

ಹಳೇ ಅಂಚೆಯವ:
ಆ ಲೊಕೇಶನ್ನಿಗೆ ದಾರಿ ಹಾಕಿ, ಕೊನೆಯ ತುಂಡನ್ನು ದೊಡ್ಡದು ಮಾಡಿ ನೋಡಿ. ನೀಲಿ ಗೆರೆ ಎಲ್ಲಿ ನಿಲ್ಲುತ್ತದೆ? ಅಲ್ಲಿಂದ ಮನೆಯವರೆಗೆ ಚುಕ್ಕೆ ಚುಕ್ಕೆ ಗೆರೆ ಇದೆಯಾ? ಚುಕ್ಕೆ ಉದ್ದ ಇದ್ದರೆ ಸಂಶಯಪಡಬೇಕು.

ನಮ್ಮ ಕಡೆ ಊರು ಇರುವುದೇ ಹಾಗೆ. ಮೇಲೆ ಮುರಕಲ್ಲಿನ ಗುಡ್ಡೆ, ಕೆಳಗೆ ಅಡಿಕೆ ತೋಟ, ನಡುವೆ ಒಂದು ತೋಡು. ಟಾರು ರಸ್ತೆ ಜಾಸ್ತಿ ಗುಡ್ಡೆಯ ಮೇಲೆ ಹೋಗುತ್ತದೆ. ಹಳೇ ಮನೆಗಳು ತೋಟದ ಬದಿಯಲ್ಲಿ. ಮ್ಯಾಪಿಗೆ ಏರು ತಗ್ಗು ಲೆಕ್ಕಕ್ಕಿಲ್ಲ. ಮನೆಗೆ ಹತ್ತಿರದ ರಸ್ತೆ ಯಾವುದೋ ಅದಕ್ಕೆ ತಂದು ನಿಲ್ಲಿಸುತ್ತದೆ. ತಾರಸಿ ಕಾಣುವಷ್ಟು ಹತ್ತಿರ, ಇಳಿಯಲು ಮಾತ್ರ ದಾರಿ ಇಲ್ಲ. ಸರಿಯಾದ ದಾರಿ ಕೆಳಗಿನಿಂದ, ತೋಡಿನ ಸಂಕ ದಾಟಿ, ಎರಡು ಮೂರು ಕಿಲೋಮೀಟರ್ ಸುತ್ತಿ ಬರಬೇಕು.

ಡಿಜಿಟಲ್ ಭಾವ:
ಇಷ್ಟೆಲ್ಲ ಯಾಕೆ? ಗೆಳತಿಯ ಹತ್ತಿರ ಪ್ಲಸ್ ಕೋಡ್ ಕೇಳಿ, ಮ್ಯಾಪಿನಲ್ಲಿ ಪ್ರತಿ ಜಾಗಕ್ಕೂ ಇರುವ ಅಕ್ಷರ ಅಂಕೆಗಳ ಗುರುತು ಅದು. ಹತ್ತು ಅಕ್ಷರದ ಪೂರ್ತಿ ಕೋಡ್ ಹಾಕಿದರೆ ಸುಮಾರು 14 ಮೀಟರ್ ಅಗಲ, 14 ಮೀಟರ್ ಉದ್ದದ ಚೌಕ ಸಿಗುತ್ತದೆ. ಒಂದೇ ಹೆಸರಿನ ಎರಡು ಊರಿನ ಗೊಂದಲವೂ ಇಲ್ಲ. ಭಾಷೆಯ ತಕರಾರೂ ಇಲ್ಲ.

ಹಳೇ ಅಂಚೆಯವ:
ಭಾವಾ, ಹೆಸರಿನ ಗೊಂದಲ ಹೋಗುತ್ತದೆ ಎಂಬುದು ಸರಿ. ಆದರೆ ಕೋಡ್ ಹೇಳುವುದು ಮನೆ ಎಲ್ಲಿದೆ ಎಂದು. ಯಾವ ಕಡೆಯಿಂದ ಹತ್ತಬೇಕು ಎಂದು ಹೇಳುವುದಿಲ್ಲ. ಅದೇ ತೋಟದ ನಡುವಿನ ಚುಕ್ಕಿಗೆ ಇನ್ನೊಂದು ಹೆಸರು ಕೊಟ್ಟ ಹಾಗಾಯಿತು.

ಇನ್ನೊಂದು ವಿಷಯ. ಮನೆಯೊಳಗೆ ಕುಳಿತು ಕಳಿಸಿದ ಲೊಕೇಶನ್ ಜಾರಿರುತ್ತದೆ. ನೀಲಿ ಚುಕ್ಕಿಯ ಸುತ್ತ ದೊಡ್ಡ ತೆಳು ವೃತ್ತ ಇದ್ದರೆ ಫೋನಿಗೇ ಜಾಗ ಸರಿಯಾಗಿ ಗೊತ್ತಾಗಿಲ್ಲ ಎಂದು ಅರ್ಥ. ಅಂಗಳಕ್ಕೆ ಬಂದು, ವೃತ್ತ ಚಿಕ್ಕದಾಗುವವರೆಗೆ ಒಂದು ನಿಮಿಷ ನಿಂತು ಕಳಿಸಬೇಕು.

ಉಪ್ಪಳದ ಅಣ್ಣ:
ಬಾಗಿಲ ಮೇಲೆ ಪಂಚಾಯತಿನ ನಂಬ್ರ ಇರುತ್ತದಲ್ವಾ? ವಾರ್ಡ್ ನಂಬ್ರ, ಅಡ್ಡ ಗೆರೆ, ಮನೆ ನಂಬ್ರ. ಪೆರ್ಲ ಎಣ್ಮಕಜೆ ಪಂಚಾಯತಿನಲ್ಲಿ ಬರುತ್ತದೆ. ಆ ನಂಬ್ರ ಹಿಡಿದು ಯಾರನ್ನಾದರೂ ಕೇಳಿದರೆ ಆಯಿತು.

ಹಳೇ ಅಂಚೆಯವ:
ಅಣ್ಣಾ, ಅದು ತೆರಿಗೆಯ ನಂಬ್ರ. ರಸ್ತೆಯ ನಂಬ್ರ ಅಲ್ಲ. 214ರ ಪಕ್ಕದಲ್ಲಿ 215 ಇರಬೇಕೆಂದಿಲ್ಲ, ಗುಡ್ಡೆಯ ಆಚೆಯೂ ಇರಬಹುದು. 2025ರ ಪಂಚಾಯತ್ ಚುನಾವಣೆಗೆ ಮೊದಲು ವಾರ್ಡುಗಳ ಗಡಿ ಬೇರೆ ಬದಲಾಯಿತು. ಬಾಗಿಲ ಮೇಲೆ ಒಂದು ನಂಬ್ರ, ರೇಷನ್ ಕಾರ್ಡಿನಲ್ಲಿ ಇನ್ನೊಂದು ನಂಬ್ರ ಇರುವ ಮನೆಗಳು ಉಂಟು. ನಾನು ಕಾಗದ ಹಂಚಿದ್ದು ಮನೆಯ ಹೆಸರು ಮತ್ತು ಹಿರಿಯರ ಹೆಸರಿನ ಮೇಲೆ. ನಂಬ್ರ ಹಿಡಿದು ಹೋದದ್ದು ಕಡಿಮೆ.

ಮನೆಯ ಹೆಸರಿನಲ್ಲೇ ಅರ್ಧ ದಾರಿ ಉಂಟು, ನೋಡಿ. ಪದವು ಎಂದರೆ ಗುಡ್ಡೆಯ ಮೇಲಿನ ಮಟ್ಟಸ ಜಾಗ. ಬೈಲು ಎಂದರೆ ಕೆಳಗಿನ ಗದ್ದೆ. ಮಜಲು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಬೈಲುಮೂಲೆ ಎಂದರೆ ಬೈಲಿನ ಮೂಲೆ. ಹಾಗಾಗಿ ಈ ಅಕ್ಕನ ಗೆಳತಿಯ ಮನೆ ಕೆಳಗೇ ಇರಬೇಕು. ಮ್ಯಾಪು ಗುಡ್ಡೆ ಹತ್ತಿಸುತ್ತಿದ್ದರೆ ಒಪ್ಪಬೇಡಿ.

ನೆಲ್ಲಿಕುಂಜೆ:
ಅಂಚೆಯವರೇ, ಹೆಸರನ್ನು ಅಷ್ಟು ನಂಬಬೇಡಿ. ನಮ್ಮ ದೊಡ್ಡಪ್ಪ ಪಾಲಾಗಿ ಪೇಟೆಗೆ ಬಂದರು. ಹೊಸ ಮನೆಗೂ ಹಳೇ ಮನೆಯ ಹೆಸರನ್ನೇ ಇಟ್ಟರು. ಈಗ ಪೇಟೆಯ ನಡುವೆ ಮಜಲು ಎಂದು ಬೋರ್ಡ್ ಇದೆ, ಗದ್ದೆ ಎಲ್ಲೂ ಇಲ್ಲ.

ಬರವಣಿಗೆಯೂ ಹಾಗೇ. ನಾವು ನೆಲ್ಲಿಕುಂಜೆ ಅನ್ನುತ್ತೇವೆ, ಬೋರ್ಡಿನಲ್ಲಿ ನೆಲ್ಲಿಕುನ್ನು ಇರುತ್ತದೆ. ಬೇಡಡ್ಕ ಹುಡುಕಿದರೆ ಬೇಡಗಂ ಬರುತ್ತದೆ. ಹೊಸದುರ್ಗ ಎಂದು ಹಾಕಿದ ಒಬ್ಬರಿಗೆ ಮ್ಯಾಪು ಚಿತ್ರದುರ್ಗ ಜಿಲ್ಲೆಯ ದಾರಿ ತೋರಿಸಿತ್ತು. ಅವರಿಗೆ ಬೇಕಿದ್ದದ್ದು ನಮ್ಮ ಕಾಞಂಗಾಡಿನ ಹೊಸದುರ್ಗ. ಹುಡುಕುವಾಗ ಎರಡೂ ಹೆಸರು ಹಾಕಿ ನೋಡಬೇಕು.

ಪಾರ್ಸೆಲ್ ಪ್ರಕಾಶ:
ಪಿನ್ ಕೋಡ್ ಸರಿ ಇದ್ದರೆ ಸಾಮಾನು ಬಂದೇ ಬರುತ್ತದೆ. 671552 ಪೆರ್ಲದ್ದೇ. ಫೋನ್ ನಂಬರ್ ದಪ್ಪ ಅಕ್ಷರದಲ್ಲಿ ಬರೆಯಿರಿ, ಕೊರಿಯರಿನವರು ಪೇಟೆಯಲ್ಲಿ ನಿಂತು ಕರೆ ಮಾಡುತ್ತಾರೆ.

ಹೊರಟವಳು:
ಪಾರ್ಸೆಲ್ ಅಲ್ಲ, ನಾವೇ ಬರುವುದು. ಮ್ಯಾಪು ನೋಡಿದೆ. ನೀಲಿ ಗೆರೆ ಗುಡ್ಡೆಯ ಮೇಲೆ ನಿಂತಿದೆ, ಅಲ್ಲಿಂದ ಚುಕ್ಕೆ ಗೆರೆ ಕೆಳಕ್ಕೆ ತೋಟಕ್ಕೆ ಹೋಗುತ್ತದೆ. ಅಂದರೆ ಕೆಳಗಿನಿಂದಲೇ ಬರಬೇಕಾ? ದಾರಿಯಲ್ಲಿ ಕೇಳುವುದಾದರೆ ಯಾರನ್ನು, ಹೇಗೆ ಕೇಳಲಿ?

ರಿಕ್ಷಾ ಸ್ಟ್ಯಾಂಡ್:
ಅಕ್ಕಾ, ನಾನು ಆ ಕಡೆಯೇ ಆಟೋ ಓಡಿಸುವವ. ನೋಡದೆ ಮೇಲೆ, ಕೆಳಗೆ ಎಂದು ಹೇಳಲಾರೆ. ಕೇಳುವ ಕ್ರಮ ಮಾತ್ರ ಹೇಳುತ್ತೇನೆ.

ಕಾರಿನ ಕಿಟಕಿ ಇಳಿಸಿ “ಬೈಲುಮೂಲೆಗೆ ಇದೇ ದಾರಿಯಾ?” ಎಂದು ಕೇಳಬೇಡಿ. ಅರ್ಧ ಕೇಳಿಸಿದವರೂ ಹೌದು ಎಂದು ತಲೆ ಆಡಿಸುತ್ತಾರೆ. ಸುಳ್ಳು ಹೇಳಬೇಕೆಂದಲ್ಲ, ಬಂದವರನ್ನು ಬರಿಗೈಲಿ ಕಳಿಸಬಾರದು ಅಂತ. “ಬೈಲುಮೂಲೆಗೆ ಹೇಗೆ ಹೋಗುವುದು?” ಎಂದು ಕೇಳಿ. ಗೊತ್ತಿದ್ದವರು ಕೈ ತೋರಿಸಿ ಒಂದು ಗುರುತು ಹೇಳುತ್ತಾರೆ. ಗುರುತು ಹೇಳದೆ ಬರೀ “ಮುಂದೆ, ಮುಂದೆ” ಎಂದರೆ ಅವರಿಗೆ ಗೊತ್ತಿಲ್ಲ. ಥ್ಯಾಂಕ್ಸ್ ಹೇಳಿ, ಮುಂದೆ ಇನ್ನೊಬ್ಬರನ್ನು ಕೇಳಿ.

ಹೊರಡುವ ಮೊದಲು ಇನ್ನೊಂದು ಪ್ರಶ್ನೆ ಕೇಳಿ. “ದಾಟಿ ಹೋದರೆ ಎಂತ ಸಿಗುತ್ತದೆ?” ಇದು ಬಹಳ ಉಪಕಾರ ಮಾಡುತ್ತದೆ. ತಿರುವು ತಪ್ಪಿದ್ದು ಗೊತ್ತಾಗುವುದು ಅದರಿಂದಲೇ. “ಇಲ್ಲೇ ಹತ್ತಿರ” ಎಂಬ ಮಾತಿಗೆ ಲೆಕ್ಕ ಇಲ್ಲ, ಎಷ್ಟು ಬಸ್ ಸ್ಟಾಪ್ ಎಂದು ಕೇಳಿ. ಕನ್ನಡ, ತುಳು, ಮಲೆಯಾಳ ಯಾವುದಾದರೂ ನಡೆಯುತ್ತದೆ.

ಯಾರನ್ನು ಎಂದರೆ ಆಟೋದವರು, ರೇಷನ್ ಅಂಗಡಿ, ಹಾಲಿನ ಸೊಸೈಟಿ. ಹಸಿರು ಕೋಟಿನ ಹರಿತ ಕರ್ಮ ಸೇನೆಯ ಅಕ್ಕಂದಿರು ಕಂಡರೆ ಬಿಡಬೇಡಿ. ಪ್ಲಾಸ್ಟಿಕ್ ಒಟ್ಟುಮಾಡಲು ಮನೆ ಮನೆಗೆ ಹೋಗುವವರು, ಯಾವ ಮನೆಯ ಗೇಟು ಎಲ್ಲಿ ಎಂದು ಅವರಿಗೆ ಗೊತ್ತು. ಆದರೆ ನೀವು ಬರುವುದು ಭಾನುವಾರ, ಇವರಲ್ಲಿ ಅರ್ಧ ಜನ ಸಿಗಲಿಕ್ಕಿಲ್ಲ. ಅದಕ್ಕೇ ಈಗಲೇ ಗೆಳತಿಗೆ ಒಂದು ಫೋನ್ ಮಾಡಿ. ಅವರ ಮನೆಗೆ ಆಟೋ ಯಾವ ಕಡೆಯಿಂದ ಬರುತ್ತದೆ ಎಂದು ಕೇಳಿ. ಅಷ್ಟೇ ಸಾಕು.

ಉಪ್ಪಳದ ಅಣ್ಣ:
ಗುರುತೂ ಇವತ್ತು ನಿಂತಿರುವಂಥದ್ದು ಬೇಕು. ನಮ್ಮಲ್ಲಿ ಹೈವೇ ಆರು ಪಥ ಆದ ಮೇಲೆ ಮರವೂ ಹೋಯಿತು, ಹೋಟೆಲೂ ಹೋಯಿತು. ನಮ್ಮ ಅತ್ತೆ ಈಗಲೂ “ಮಾವಿನ ಮರದ ಎದುರು ಅಡ್ಡ ದಾಟು” ಎಂದೇ ಹೇಳುವುದು. ಮರ ಇಲ್ಲ, ಅಡ್ಡ ದಾಟಲು ದಾರಿಯೂ ಇಲ್ಲ. ಮುಂದಿನ ಅಂಡರ್‌ಪಾಸಿನವರೆಗೆ ಹೋಗಿ ಸರ್ವಿಸ್ ರಸ್ತೆಯಲ್ಲಿ ತಿರುಗಿ ಬರಬೇಕು. ಕರಾವಳಿಯ ಪಟ್ಟಿಯಲ್ಲಿ ನಾನು ಮೊದಲು ಕೇಳುವುದು ಮನೆ ರೈಲು ಹಳಿಯ ಮೂಡುಬದಿಯಾ, ಪಡುಬದಿಯಾ ಎಂದು.

ಕುಂಬ್ಡಾಜೆ ಅಕ್ಕ:
ಲೊಕೇಶನ್ ಹಾಕುವವರಿಗೆ ನನ್ನದೊಂದು ಕೇಳಿಕೆ. ಮನೆಯ ಮೇಲೆ ಹಾಕಬೇಡಿ, ವಾಹನ ನಿಲ್ಲುವ ಗೇಟಿನ ಹತ್ತಿರ ನಿಂತು ಹಾಕಿ. ಅಮ್ಮನಿಗೆ ರಾತ್ರಿ ಉಸಿರಾಟ ಕಷ್ಟವಾದಾಗ ಆಂಬ್ಯುಲೆನ್ಸಿಗೆ ಮನೆಯ ಲೊಕೇಶನ್ನೇ ಕಳಿಸಿದ್ದೆ. ಗಾಡಿ ಬಂದು ಗುಡ್ಡೆಯ ಮೇಲೆ ನಿಂತಿತು. ಲೈಟು ನಮಗೆ ಅಂಗಳದಿಂದಲೇ ಕಾಣುತ್ತಿತ್ತು. ತಮ್ಮ ಟಾರ್ಚ್ ಹಿಡಿದು ಕಾಡಿನಲ್ಲಿ ಹತ್ತಿ ಹೋಗಿ, ಅದೇ ಗಾಡಿಯಲ್ಲಿ ಕುಳಿತು ಸುತ್ತಿ ತಂದ. ಇಪ್ಪತ್ತೈದು ನಿಮಿಷ ಹೋಯಿತು. ಅಮ್ಮ ಉಳಿದರು. ಈಗ ಗೇಟಿನ ಲೊಕೇಶನ್ ನಾಲ್ಕೂ ಜನರ ಫೋನಿನಲ್ಲಿ ಇದೆ.

ಡಿಜಿಟಲ್ ಭಾವ:
ಅಕ್ಕಾ, ಇದು ಹೊಳೆದಿರಲಿಲ್ಲ. ಹಾಗಾದರೆ ಗೇಟಿನ ಜಾಗವನ್ನು ಮ್ಯಾಪಿನಲ್ಲಿ ಮನೆಯ ಹೆಸರಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಸೇರಿಸಿಬಿಟ್ಟರೆ? ಕಾಣೆಯಾಗಿರುವ ದಾರಿಯನ್ನೂ ಗೆರೆ ಎಳೆದು ಕಳಿಸಬಹುದು.

ಕುಂಬ್ಡಾಜೆ ಅಕ್ಕ:
ದಾರಿ ಸೇರಿಸಿ, ಒಳ್ಳೆಯದೇ. ಮನೆಯ ಹೆಸರು ಬೇಡ. ಇಬ್ಬರೇ ವಯಸ್ಸಾದವರು ಇರುವ ಮನೆಗಳು ಇಲ್ಲಿ ಎಷ್ಟಿವೆ!

ಡಿಜಿಟಲ್ ಭಾವ:
ತುರ್ತಿಗೆ ಬರುವವರಿಗೆ ಸಿಗಬೇಕಲ್ವಾ? ನಾನು ಇನ್ನೂ ಹಾಕುವುದೇ ಒಳ್ಳೆಯದು ಅನ್ನುತ್ತೇನೆ.

ಹೊರಟವಳು:
ಗೆಳತಿಗೆ ಫೋನ್ ಮಾಡಿದೆ. ನೆಲ್ಲಿಕುಂಜೆಯವರು ಹೇಳಿದ್ದೇ ಸರಿ ಆಯಿತು. ಬೈಲುಮೂಲೆ ಎಂಬುದು ಅವರ ಹಿರಿಯರ ಕಾಲದ ತರವಾಡು ಮನೆ, ಅದು ಕೆಳಗೆ ತೋಟದಲ್ಲಿ. ಲೊಕೇಶನ್ ಕಳಿಸುವಾಗ ಅವಳು ಅಲ್ಲಿದ್ದಳಂತೆ. ಪೂಜೆ ಇರುವುದು ಅಣ್ಣ ಕಟ್ಟಿಸಿದ ಹೊಸ ಮನೆಯಲ್ಲಿ, ಗುಡ್ಡೆಯ ಮೇಲೆ. ಹೆಸರು ಮಾತ್ರ ಎರಡಕ್ಕೂ ಒಂದೇ. ಆಟೋ ಮೇಲಿನಿಂದಲೇ ಬರುತ್ತದಂತೆ. ಗುರುತು ಹೀಗೆ ಹೇಳಿದಳು: ಹಾಲಿನ ಸೊಸೈಟಿ ಕಳೆದ ಕೂಡಲೇ ಬಲಕ್ಕೆ ಕಾಂಕ್ರೀಟ್ ಏರು, ಏರು ಮುಗಿದಲ್ಲಿ ನೀರಿನ ಟ್ಯಾಂಕ್, ಅದರ ಎದುರು ಕಪ್ಪು ಗೇಟು. ಮೊಬೈಲ್ ಟವರ್ ಕಂಡರೆ ದಾಟಿದ್ದೇವೆ ಎಂದು ಅರ್ಥ.

ಹಳೇ ಅಂಚೆಯವ:
ನನ್ನ ಮಾತು ಕೇಳಿ ಕೆಳಗೆ ಹೋಗಿದ್ದರೆ ಅತ್ತೆಯವರಿಗೆ ಕಷ್ಟ ಆಗುತ್ತಿತ್ತು. ಹೆಸರು ನೋಡಿ ತೀರ್ಮಾನ ಮಾಡಿದ್ದು ನನ್ನ ತಪ್ಪು. ಆ ಏರು ಸಾಧಾರಣ ಕಡಿದಾಗಿರುತ್ತದೆ. ಎದುರಿನಿಂದ ಗಾಡಿ ಬಂದರೆ ಮೇಲಿನವರೇ ಹಿಂದೆ ಸರಿಯಲಿ ಎಂದು ಕಾಯಬೇಡಿ, ಅಗಲ ಇರುವಲ್ಲಿ ಮೊದಲೇ ಬದಿಗೆ ನಿಂತುಬಿಡಿ.

ರಿಕ್ಷಾ ಸ್ಟ್ಯಾಂಡ್:
ಟ್ಯಾಂಕ್ ಎಂದಾಗ ಗೊತ್ತಾಯಿತು. ಸೊಸೈಟಿಯ ಬೋರ್ಡ್ ಆಚೆ ಬದಿಗೆ ಮುಖ ಮಾಡಿದೆ, ವಿಟ್ಲ ಕಡೆಯಿಂದ ಬರುವವರಿಗೆ ಕಾಣುವುದಿಲ್ಲ. ಅದರ ಎದುರು ಬಸ್ಸಿನ ತಂಗುದಾಣ ಉಂಟು, ನೀಲಿ ಬಣ್ಣ. ಅದನ್ನು ನೋಡಿಕೊಳ್ಳಿ ಅಕ್ಕಾ.