ನೀರಿನ ಚಕ್ರದ ಚಿತ್ರ: ‘ರನಾಫ್’ ಬಾಣದೊಳಗೆ ಬರೀ ‘ಹರಿವು’ ಅಂದರೆ ಸಾಕೇ?

ಕೇಳಿದವರು

ಎಲ್ಲರಿಗೂ ನಮಸ್ಕಾರ.

ನೀರಿನ ಚಕ್ರ ತೋರಿಸುವ ಒಂದು ಚಿತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೈಯಲ್ಲಿರುವುದು ಒಂದು ಪಿಎನ್‌ಜಿ ಮಾತ್ರ. ಪದರಗಳಿರುವ ಮೂಲ ಕಡತ ಚಿತ್ರ ಬರೆದವರ ಹತ್ತಿರವೂ ಉಳಿದಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರಗಳನ್ನು ಅಳಿಸಿ ಆ ಜಾಗದಲ್ಲಿ ಕನ್ನಡ ಕೂರಿಸಬೇಕು.

ಬೆಟ್ಟದಿಂದ ಕೆಳಗಿಳಿಯುವ ಬಾಗಿದ ಬಾಣವೊಂದಿದೆ. ಅದರೊಳಗೆ ಬಿಳಿ ಅಕ್ಷರದಲ್ಲಿ ‘ರನಾಫ್’ ಎಂದಿದೆ. ಪಾಠದ ಬರಹದಲ್ಲಿ ಇದಕ್ಕೆ ‘ಮೇಲ್ಮೈ ಹರಿವು’ ಎಂದು ಬಳಸಿದ್ದೇನೆ. ಆದರೆ ಅದು ಬಾಣದಲ್ಲಿ ಹಿಡಿಯುತ್ತಿಲ್ಲ. ಉದ್ದವೂ ಜಾಸ್ತಿ, ‘ಲ್ಮೈ’ಯ ಒತ್ತು ಬಾಣದ ಅಂಚನ್ನೂ ದಾಟುತ್ತದೆ. ಬರೀ ‘ಹರಿವು’ ಎಂದರೆ ಸರಿಯಾಗಿ ಕೂರುತ್ತದೆ. ಹಾಗೆ ಬರೆಯಬಹುದೇ?

ಇನ್ನೊಂದು ಅನುಮಾನ. ಮೋಡದಿಂದ ಇಳಿಯುವ ಬಾಣಕ್ಕೆ ‘ಪ್ರೆಸಿಪಿಟೇಶನ್’ ಎಂದಿದೆ. ‘ಮಳೆ’ ಅಂದರೆ ಸಾಕಲ್ವಾ?

ಭೂಗೋಳದ ಮೇಷ್ಟ್ರು

ಪದ ನೋಡುವ ಮೊದಲು ಚಿತ್ರ ನೋಡಬೇಕು. ನೆಲದ ಕೆಳಗೆ ಇನ್ನೊಂದು ಬಾಣ ಕಡಲಿನ ಕಡೆ ಹೋಗುತ್ತಿದೆಯೇ? ಇದ್ದರೆ ಅದೂ ಹರಿವೇ. ಮೇಲಿನದಕ್ಕೆ ‘ಹರಿವು’, ಕೆಳಗಿನದಕ್ಕೆ ‘ಅಂತರ್ಜಲ ಹರಿವು’ ಎಂದು ಬರೆದರೆ, ಮೊದಲನೆಯದು ಎರಡಕ್ಕೂ ಸೇರಿದ ಹೆಸರು ಅನ್ನಿಸುತ್ತದೆ. ‘ಮೇಲ್ಮೈ’ ಎಂಬುದೇ ಇಲ್ಲಿ ವ್ಯತ್ಯಾಸ ಹೇಳುವ ಪದ. ಅದನ್ನು ಬಿಡಬೇಡಿ.

‘ಮಳೆ’ಯ ವಿಷಯವೂ ಹೀಗೆಯೇ. ಬೆಟ್ಟದ ತುದಿ ಬೆಳ್ಳಗಿದ್ದರೆ ಅಲ್ಲಿ ಬೀಳುವುದು ಹಿಮ. ‘ಮಳೆ, ಹಿಮ’ ಎಂದು ಬರೆಯಿರಿ. ‘ವರ್ಷಣ’ ಎಂಬ ಪದ ಇದೆ, ಆದರೆ ಓದುವವರು ಅದನ್ನೂ ಮಳೆ ಎಂದೇ ತಿಳಿಯುತ್ತಾರೆ. ಬೆಟ್ಟ ಹಸಿರಾಗಿಯೇ ಇದ್ದರೆ ‘ಮಳೆ’ ಸಾಕು.

ಹಳೆಯ ಕಡತಗಳ ಒಡನಾಡಿ

ನನಗೂ ಇದೇ ತೊಂದರೆ ಸರ್. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಕಡತವನ್ನು ತೆರೆದರೆ ಬರೀ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಯೂನಿಕೋಡಿಗೆ ಬದಲಾಯಿಸಿದರೆ ಕೆಲವು ಒತ್ತುಗಳು ಜಾಗ ತಪ್ಪುತ್ತವೆ. ನಿಮ್ಮ ಒತ್ತು ಹೊರಗೆ ಹೋಗುವುದೂ ಅದರಿಂದಲೇ ಇರಬೇಕು.

ಚಿತ್ರವಿನ್ಯಾಸ ಮಾಡುವವರು

ಅದು ಬೇರೆ ತೊಂದರೆ. ನಿಮ್ಮದರಲ್ಲಿ ಅಕ್ಷರಗಳು ಇನ್ನೂ ಪಠ್ಯವಾಗಿಯೇ ಇವೆ, ಸಂಕೇತ ಮಾತ್ರ ಹಳೆಯದು. ಇವರ ಚಿತ್ರದಲ್ಲಿ ಪಠ್ಯವೇ ಇಲ್ಲ, ಬರೀ ಬಣ್ಣದ ಚುಕ್ಕೆಗಳಿವೆ. ಒತ್ತು ಹೊರಗೆ ಹೋಗುವುದಕ್ಕೆ ಕಾರಣ ಜಾಗ. ಇಂಗ್ಲಿಷಿನ ದೊಡ್ಡಕ್ಷರಗಳು ಗೆರೆಯ ಕೆಳಗೆ ಇಳಿಯುವುದಿಲ್ಲ. ಆ ಅಳತೆಗೆ ಬರೆದ ಬಾಣದಲ್ಲಿ ನಮ್ಮ ಒತ್ತಕ್ಷರಕ್ಕೆ ಜಾಗ ಎಲ್ಲಿಂದ ಬರಬೇಕು?

ಒಂದು ಕೇಳಬೇಕು. ಇದೇ ಚಿತ್ರ ಯಾವುದಾದರೂ ಪಿಡಿಎಫ್‌ನಲ್ಲಿದೆಯೇ? ಇದ್ದರೆ ಅದನ್ನು ತೆರೆದು ತುಂಬಾ ಹಿಗ್ಗಿಸಿ. ಅಕ್ಷರದ ಅಂಚೂ ಬಾಣದ ಅಂಚೂ ಚೂಪಾಗಿಯೇ ಉಳಿದರೆ ಅಲ್ಲಿ ಗೆರೆಚಿತ್ರ ಇದೆ ಎಂದರ್ಥ. ಇಂಕ್‌ಸ್ಕೇಪ್‌ನಲ್ಲಿ ತೆರೆದು ಬಾಣವನ್ನೇ ಹಿಡಿದು ಎಳೆಯಬಹುದು. ಮಸುಕಾದರೆ ಅಲ್ಲೂ ನಿಮ್ಮ ಪಿಎನ್‌ಜಿಯಂಥದೇ ಇದೆ.

ಪಿಡಿಎಫ್ ಇಲ್ಲದಿದ್ದರೆ, ಬಾಣದೊಳಗಿನ ಅಕ್ಷರ ಅಳಿಸಲು ಹೋಗಬೇಡಿ. ಚಿತ್ರವನ್ನು ಕೆಳಪದರದಲ್ಲಿಟ್ಟು ಬೀಗ ಹಾಕಿ. ಹಳೆಯ ಬಾಣ ಪೂರ್ತಿ ಮುಚ್ಚುವಂತೆ ಅದರ ಮೇಲೆ ಹೊಸ ಬಾಣ ಬರೆಯಿರಿ, ಸ್ವಲ್ಪ ದಪ್ಪವಾಗಿ, ಸ್ವಲ್ಪ ಉದ್ದವಾಗಿ. ಬಾಣವೇ ನಿಮ್ಮದಾದ ಮೇಲೆ ಅದರ ಅಳತೆಗೆ ಪದ ಕತ್ತರಿಸುವ ಅಗತ್ಯವೇ ಇಲ್ಲ. ಬಣ್ಣವನ್ನು ಹಳೆಯ ಬಾಣದಿಂದಲೇ ತೆಗೆದುಕೊಳ್ಳಿ, ಆದರೆ ಅಕ್ಷರದ ಅಂಚಿನಿಂದ ಬೇಡ. ಅಲ್ಲಿ ಬಿಳಿಯೂ ನೀಲಿಯೂ ಬೆರೆತಿರುತ್ತದೆ.

ಪುಟ ಕಟ್ಟುವವರು

ಇಷ್ಟೆಲ್ಲ ಯಾಕೆ? ‘ಮೇಲ್ಮೈ ಹರಿವು’ ಬರೆದು ಅಡ್ಡಕ್ಕೆ ಶೇ. 75ಕ್ಕೆ ಒತ್ತಿಬಿಡಿ, ಹಿಡಿಯುತ್ತದೆ. ಮೋಡದ ಹತ್ತಿರ ‘ಕಂಡೆನ್ಸೇಶನ್’ ಇದ್ದರೆ ‘ಘನೀಕರಣ’ ಎಂದು ಹಾಕಿ. ಅದು ಚಿಕ್ಕ ಪದ.

ಚಿತ್ರವಿನ್ಯಾಸ ಮಾಡುವವರು

ಕಿರಿದು ಮಾಡುವ ಯೋಚನೆ ಸರಿ, ದಾರಿ ಸರಿಯಿಲ್ಲ. ಸುಮ್ನೆ ಒತ್ತಿದರೆ ನಿಂತ ಗೆರೆಗಳು ಸಣ್ಣಗಾಗುತ್ತವೆ, ಮಲಗಿದ ಗೆರೆಗಳು ದಪ್ಪವಾಗಿಯೇ ಉಳಿಯುತ್ತವೆ. ಬಿಳಿ ಅಕ್ಷರ ಗಾಢ ಬಣ್ಣದ ಮೇಲಿದ್ದರೆ ಇದು ಬೇಗ ಕಣ್ಣಿಗೆ ಬೀಳುತ್ತದೆ. ಅನೇಕ್ ಕನ್ನಡ ಫಾಂಟಿನಲ್ಲಿ ಕಿರಿದಾದ ರೂಪವನ್ನೇ ಬೇರೆಯಾಗಿ ಬರೆದಿದ್ದಾರೆ. ಅದನ್ನು ಬಳಸಿ.

ಅಕ್ಷರಗಳನ್ನು ಬಾಗಿದ ಗೆರೆಯ ಮೇಲೆ ಕೂರಿಸುವುದೂ ಬೇಡ. ಬಾಗು ಜಾಸ್ತಿಯಾದರೆ ಒಂದು ಕಡೆ ಒತ್ತುಗಳು ಪಕ್ಕದ ಅಕ್ಷರಕ್ಕೆ ತಾಗುತ್ತವೆ, ಇನ್ನೊಂದು ಕಡೆ ಪದವೇ ಬಿಚ್ಚಿದಂತೆ ಕಾಣುತ್ತದೆ. ಬಾಣದ ಪಕ್ಕದಲ್ಲಿ ನೇರವಾಗಿ, ಎರಡು ಸಾಲಿನಲ್ಲಿ ಬರೆದರೂ ಆಗುತ್ತದೆ. ಮೊದಲ ಸಾಲಿನ ಒತ್ತು ಎರಡನೆಯ ಸಾಲಿನ ಗುಡಿಸಿಗೆ ಮುಟ್ಟದಷ್ಟು ಅಂತರ ಬಿಡಿ. ‘ಲ್ಮೈ’ ಕೆಳಗೆ ‘ರಿ’ ಬಂದಾಗ ಏನಾಗುತ್ತದೆ ಎಂದು ನೋಡಿಕೊಳ್ಳಿ.

ಭೂಗೋಳದ ಮೇಷ್ಟ್ರು

‘ಘನೀಕರಣ’ ಕೆಲವು ಕಡೆ ಬಳಕೆಯಲ್ಲಿದೆ, ನಿಜ. ಆದರೆ ‘ಘನ’ ಎಂದ ಕೂಡಲೇ ಗಟ್ಟಿಯಾಯಿತು ಎನ್ನಿಸುತ್ತದೆ. ಇಲ್ಲಿ ಆವಿ ನೀರಹನಿಯಾಗುತ್ತಿದೆ. ಪಕ್ಕದಲ್ಲೇ ಹಿಮದ ಬೆಟ್ಟ ಇರುವ ಚಿತ್ರದಲ್ಲಿ ಈ ಗೊಂದಲ ಬೇಡ. ‘ಸಾಂದ್ರೀಕರಣ’ ಎನ್ನಿ. ಮಕ್ಕಳಿಗಾದರೆ ‘ಆವಿ ಹನಿಯಾಗುವುದು’ ಇನ್ನೂ ಚೆನ್ನ. ಮೋಡದ ಪಕ್ಕ ಜಾಗ ಇದ್ದೇ ಇರುತ್ತದೆ.

ಅನುವಾದಕಿ

ಪಾಠದಲ್ಲಿ ‘ಸಾಂದ್ರೀಕರಣ’ ಇದ್ದು ಚಿತ್ರದಲ್ಲಿ ‘ಆವಿ ಹನಿಯಾಗುವುದು’ ಎಂದರೆ ಓದುವವರು ಎರಡನ್ನೂ ಹೇಗೆ ಜೋಡಿಸಿಕೊಳ್ಳಬೇಕು? ಯಾವುದಾದರೂ ಒಂದೇ ಇರಲಿ ಎಂದು ನನ್ನ ಅಭಿಪ್ರಾಯ. ನಾನು ಇಂಥ ಕೆಲಸದಲ್ಲಿ ಮೊದಲು ಚಿತ್ರದ ಪ್ರತಿ ಪದಕ್ಕೂ ಒಂದು ಸಂಖ್ಯೆ ಕೊಡುತ್ತೇನೆ. ಆಮೇಲೆ ಪಟ್ಟಿ ಮಾಡಿ ಸಂಖ್ಯೆ, ಇಂಗ್ಲಿಷ್ ಪದ, ಪಾಠದಲ್ಲಿರುವ ಕನ್ನಡ ಪದ, ಅದು ಯಾವುದರ ಮೇಲಿದೆ ಎಂದು ಬರೆಯುತ್ತೇನೆ. ಆ ಕೊನೆಯ ಕಾಲಂ ಇಲ್ಲದಿದ್ದರೆ ‘ಹರಿವು’ ಎರಡು ಸಲ ಬಂದದ್ದು ಗೊತ್ತೇ ಆಗುವುದಿಲ್ಲ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಪಿಡಿಎಫ್ ಸಿಕ್ಕಿತು, ಆದರೆ ಹಿಗ್ಗಿಸಿದರೆ ಮಸುಕು. ಹಾಗಾಗಿ ಬಾಣವನ್ನು ಹೊಸದಾಗಿ ಬರೆದೆ. ‘ಮೇಲ್ಮೈ ಹರಿವು’ ಒಂದೇ ಸಾಲಿನಲ್ಲಿ ಆರಾಮಾಗಿ ಕೂತಿದೆ. ತುದಿ ಬೆಳ್ಳಗಿರುವುದರಿಂದ ‘ಮಳೆ, ಹಿಮ’ ಹಾಕಿದ್ದೇನೆ.

ಮೋಡದ ಪಕ್ಕದ ಅಕ್ಷರಗಳಿಗೆ ಬಾಣ ಇಲ್ಲ. ಅವು ನೇರ ಆಕಾಶದ ಮೇಲೆಯೇ ಇವೆ. ಆಕಾಶದ ನೀಲಿ ಮೇಲಿನಿಂದ ಕೆಳಕ್ಕೆ ತಿಳಿಯಾಗುತ್ತಾ ಬರುತ್ತದೆ. ಒಂದೇ ಬಣ್ಣದ ತೇಪೆ ಹಾಕಿದರೆ ಎದ್ದು ಕಾಣುತ್ತಿದೆ.

ಚಿತ್ರವಿನ್ಯಾಸ ಮಾಡುವವರು

ಜಿಂಪ್‌ನ `Heal` ಸಲಕರಣೆ ತೆಗೆದುಕೊಳ್ಳಿ. ಮಾದರಿಯನ್ನು ಅಕ್ಷರದ ಪಕ್ಕದಿಂದ, ಅದೇ ಎತ್ತರದಿಂದ ತೆಗೆಯಿರಿ. ಬಣ್ಣ ಬದಲಾಗುವುದು ಮೇಲೆ ಕೆಳಗೆ ತಾನೆ? ಅಡ್ಡಕ್ಕೆ ಒಂದೇ ಇರುತ್ತದೆ. ಅಕ್ಷರದ ಅಂಚಿನಿಂದ ಎರಡು ಮೂರು ಪಿಕ್ಸೆಲ್ ಹೊರಗಿನವರೆಗೂ ಅಳಿಸಿ. ಇಲ್ಲದಿದ್ದರೆ ಹಳೆಯ ಅಕ್ಷರದ ನೆರಳು ಉಳಿಯುತ್ತದೆ. ಮುಗಿದ ಮೇಲೆ ಕಾಂಟ್ರಾಸ್ಟ್ ಪೂರ್ತಿ ಏರಿಸಿ ನೋಡಿ. ತೇಪೆ ಇದ್ದರೆ ಆಗ ಕಾಣುತ್ತದೆ. ನೋಡಿ ಆದಮೇಲೆ ಆ ಬದಲಾವಣೆಯನ್ನು ರದ್ದು ಮಾಡಿ.

ಕೊನೆಯಲ್ಲಿ ಇಂಕ್‌ಸ್ಕೇಪ್‌ನಲ್ಲಿ `Object to Path` ಮಾಡುವ ಮೊದಲು, ಅಕ್ಷರ ತಿದ್ದಬಹುದಾದ ಒಂದು ಪ್ರತಿಯನ್ನು ಎತ್ತಿಡಿ. ಆಮೇಲೆ ಅವು ಬರೀ ಆಕಾರಗಳು, ಕಾಗುಣಿತ ತಿದ್ದಲು ಬರುವುದಿಲ್ಲ. ನಿಮ್ಮ ನಂತರ ಬರುವವರಿಗೆ ಮತ್ತೆ ಮೂಲ ಕಡತ ಇಲ್ಲ ಎಂದಾಗಬಾರದು.

ಕೇಳಿದವರು

ಹಾಗೇ ಮಾಡುತ್ತೇನೆ. ಎರಡು ಪದ ಮಾತ್ರ ಉಳಿದಿವೆ. ಮಣ್ಣಿನ ಮೇಲಿನ ಚಿಕ್ಕ ಬಾಣಕ್ಕೆ ‘ಇನ್‌ಫಿಲ್ಟ್ರೇಶನ್’, ಅದರ ಕೆಳಗೆ ಬಂಡೆಯ ಕಡೆಗೆ ಇಳಿಯುವುದಕ್ಕೆ ‘ಪರ್ಕೊಲೇಶನ್’ ಎಂದಿದೆ. ಎರಡಕ್ಕೂ ನನಗೆ ‘ಇಂಗುವುದು’ ಎಂದೇ ಬರುತ್ತದೆ.

ಭೂಗೋಳದ ಮೇಷ್ಟ್ರು

ಮೊದಲನೆಯದಕ್ಕೆ ‘ಇಂಗುವುದು’ ಇರಲಿ. ಜಾಗ ಇಲ್ಲವೆಂದು ಬರೀ ‘ಇಂಗು’ ಎಂದು ಬರೆಯಬೇಡಿ, ಒಗ್ಗರಣೆಯ ಇಂಗು ನೆನಪಾಗುತ್ತದೆ. ಎರಡನೆಯದಕ್ಕೆ ‘ಆಳಕ್ಕೆ ಇಳಿಯುವುದು’.

ಅನುವಾದಕಿ

‘ಬಸಿಯುವುದು’ ಎಂದರೆ? ಒಂದೇ ಪದದಲ್ಲಿ ಮುಗಿಯುತ್ತದೆ.

ಭೂಗೋಳದ ಮೇಷ್ಟ್ರು

ಬಸಿಯುವುದೆಂದರೆ ನೀರು ಹೊರಗೆ ಹೋಗಿ ಖಾಲಿಯಾಗುವುದು ಎಂದು ನನ್ನ ಕಿವಿಗೆ ಕೇಳಿಸುತ್ತದೆ. ಇಲ್ಲಿ ನೀರು ಕೆಳಗೆ ಹೋಗಿ ಸೇರಿಕೊಳ್ಳುತ್ತಿದೆ. ಬೇಸಾಯದ ಕಡೆಯವರು ಯಾರಾದರೂ ಇದ್ದರೆ ಹೇಳಿ, ನಾನು ತಿದ್ದಿಕೊಳ್ಳಲು ಸಿದ್ಧ.