ಮಾವನ ಮನೆ, ಇಲ್ಲದ ಬಾಡಿಗೆ

ಪ್ರಶ್ನೆ (ವಿನೋಬನಗರ, ಖಾಸಗಿ ನೌಕರ): ನಾನಿರೋದು ಅಪ್ಪನ ಮನೆಯಲ್ಲಿ. ಸಾಗರದ ಮಾವನಿಗೆ ಗೋಪಾಳದಲ್ಲಿ ಮನೆ ಇದೆ. ತಿಂಗಳಿಗೆ 12,000 ಅಂತ ಕರಾರು ಬರೆಸಿ ಎಚ್‌ಆರ್‌ಎ ಕೇಳು ಅಂತಾನೆ ಸಹೋದ್ಯೋಗಿ. ಹಳೇ ತೆರಿಗೆ ಪದ್ಧತಿ. ಮೂಲ ವೇತನ, ಡಿಎ ಸೇರಿ 60,000, ಎಚ್‌ಆರ್‌ಎ 10,000. ಸಿಕ್ಕಿಬೀಳ್ತೀನಾ ಸರ್?

ತೆರಿಗೆ ಸಲಹೆಗಾರರು: ಮೊದಲು ಲಾಭ ಎಷ್ಟು ನೋಡಿ. ವರ್ಷದ ಬಾಡಿಗೆ 1,44,000. ಅದರಲ್ಲಿ ಸಂಬಳದ ಶೇ. 10, ಅಂದರೆ 72,000 ಕಳೆದರೆ ಉಳಿಯೋದು 72,000. ವಿನಾಯಿತಿ ಅಷ್ಟೇ. ಶೇ. 20ರ ಸ್ಲ್ಯಾಬ್‌ನಲ್ಲಿ ಸೆಸ್ ಸೇರಿ ಉಳಿಯುವ ತೆರಿಗೆ 14,976 ರೂಪಾಯಿ. ಸುಳ್ಳು ದಾಖಲೆ ಅಂತ ಗೊತ್ತಾದರೆ ಆ ತೆರಿಗೆ ಕಟ್ಟಬೇಕು, ಅದರ ಎರಡು ಪಟ್ಟು ದಂಡ 29,952, ಮೇಲೆ ಬಡ್ಡಿ.

ಬಾಡಿಗೆ ವರ್ಷಕ್ಕೆ ಒಂದು ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಕೊಡಬೇಕು. ಮಾವನ ರಿಟರ್ನ್‌ನಲ್ಲಿ ಆ ಬಾಡಿಗೆ ಇರೋದಿಲ್ಲ. ಎರಡನ್ನೂ ಹೊಂದಿಸಿ ನೋಡೋದು ಇಲಾಖೆಗೆ ಕಷ್ಟವಲ್ಲ, ಮಾವನೂ ಉತ್ತರ ಕೊಡಬೇಕಾಗುತ್ತದೆ. ಇನ್ನೊಂದು, ಇ-ಸ್ಟ್ಯಾಂಪ್ ಮೇಲೆ ಅದನ್ನು ತೆಗೆಸಿದ ದಿನ ಅಚ್ಚಾಗಿರುತ್ತದೆ. ಫೆಬ್ರವರಿಯಲ್ಲಿ ತೆಗೆಸಿ ಏಪ್ರಿಲ್‌ನಲ್ಲೇ ಕರಾರಾಗಿತ್ತು ಅಂತ ಬರೆದರೆ ಕಾಗದವೇ ಸಾಕ್ಷಿ ಹೇಳುತ್ತೆ. ಹನ್ನೆರಡು ರಸೀದಿಗೂ ಒಂದೇ ಪೆನ್ನಿನ ಶಾಯಿ ಬೇರೆ!

ಸದಸ್ಯ: ತಿಂಗಳಿಗೆ 8,300 ಅಂತ ಬರೆಸಿ. ಪ್ಯಾನ್ ಬೇಡ, ತಲೆನೋವೂ ಇಲ್ಲ.

ಸಲಹೆಗಾರರು: ಪ್ಯಾನ್ ಬೇಡ ಅನ್ನೋದು ನಿಜ. ಆದರೆ ಅಧಿಕಾರಿ ಪುರಾವೆ ಕೇಳಬಹುದು. ಇವರ ಸಂಬಳಕ್ಕೆ ವಿನಾಯಿತಿಯೂ 27,600ಕ್ಕೆ ಇಳಿಯುತ್ತೆ. ಐದು ಸಾವಿರ ಚಿಲ್ಲರೆ ತೆರಿಗೆಗೆ ಸುಳ್ಳು ಕರಾರು ಬೇಕಾ?

ತೀರ್ಥಹಳ್ಳಿಯ ಸದಸ್ಯೆ: ನಾನು ನಿಜವಾಗಿ ಬಾಡಿಗೆ ಕಟ್ತೀನಿ, 9,000. ಎಲ್ಲ ನಗದು. ಮಾಲೀಕರು ಪ್ಯಾನ್ ಕೊಡ್ತಿಲ್ಲ. ಈಗ?

ಸಲಹೆಗಾರರು: ನಿಮ್ಮದು 1,08,000 ಆಗುತ್ತೆ, ಪ್ಯಾನ್ ಬೇಕು. ಅವರಿಗೆ ಪ್ಯಾನೇ ಇಲ್ಲದಿದ್ದರೆ ಹೆಸರು, ವಿಳಾಸ ಇರುವ ಘೋಷಣಾ ಪತ್ರ ಬರೆಸಿಕೊಳ್ಳಿ. ಇದ್ದೂ ಕೊಡದಿದ್ದರೆ ಕಚೇರಿಯವರು ಎಚ್‌ಆರ್‌ಎ ಒಪ್ಪಲಿಕ್ಕಿಲ್ಲ. ಇನ್ನು ಮೇಲೆ ಬ್ಯಾಂಕ್ ಖಾತೆಗೇ ಹಾಕಿ, ಪ್ರತಿ ತಿಂಗಳ ರಸೀದಿ ಆಗಲೇ ತಗೊಳ್ಳಿ. ಮೆಸ್ಕಾಂ ಬಿಲ್ ನೀವೇ ಕಟ್ಟಿದ್ದರೆ ಅದನ್ನೂ ಇಟ್ಟುಕೊಳ್ಳಿ, ಅಲ್ಲೇ ವಾಸವಿದ್ದೀರಿ ಅನ್ನೋದಕ್ಕೆ ಆಧಾರವಾಗುತ್ತೆ.

ಕೇಳಿದವರು: ಹಾಗಾದ್ರೆ ಅಪ್ಪನಿಗೇ ಬಾಡಿಗೆ ಕೊಟ್ಟರೆ?

ಸಲಹೆಗಾರರು: ಮನೆ ಅವರ ಹೆಸರಲ್ಲಿದ್ದು, ದುಡ್ಡು ನಿಜವಾಗಿ ಅವರ ಖಾತೆಗೆ ಹೋದರೆ ಆಗುತ್ತೆ. ಅವರು ಅದನ್ನು ಆದಾಯ ಅಂತ ತೋರಿಸಬೇಕು, ಶೇ. 30 ಕಡಿತ ಸಿಗುತ್ತೆ. ಕೊಟ್ಟ ದುಡ್ಡು ಮರುದಿನ ನಿಮಗೇ ವಾಪಸ್ ಬರಬಾರದು. ಕೊಡಲು ಶುರು ಮಾಡಿದ ತಿಂಗಳಿಂದ ಮಾತ್ರ ಲೆಕ್ಕ.

ಸದಸ್ಯ: ಹೆಂಡತಿ ಹೆಸರಲ್ಲಿ ಮನೆ ಇದ್ದರೆ?

ಸಲಹೆಗಾರರು: ಅದು ತಕರಾರಿನ ವಿಷಯ. ಮನೆ ಯಾರ ದುಡ್ಡಲ್ಲಿ ಕಟ್ಟಿದ್ದು ಅನ್ನೋದರಿಂದ ಶುರುವಾಗುತ್ತೆ. ಕಾಗದ ನೋಡದೆ ನಾನು ಹೂಂ ಅನ್ನಲ್ಲ.