ಪದಚರ್ಚೆ: ಬಿಳಿ ಚೂರುಗಳಿಗೆ ಏನೆನ್ನುವುದು? ಹಿಟ್ಟು ತಿಗಣೆ, ಗಿಡಹೇನು, ಬಿಳಿ ನೊಣ, ನುಸಿ

ಪ್ರಶ್ನೆ

ನಮಸ್ಕಾರ. ಮನೆಯೊಳಗಿನ ಕುಂಡದ ಗಿಡಗಳಿಗೆ ಬೀಳುವ ಕೀಟಗಳ ಫೋಟೊಗಳಿಗೆ ಅಡಿಬರಹ ಬರೆಯುತ್ತಿದ್ದೇನೆ. ಮೇಲಿನ ನಾಲ್ಕು ಹೆಸರು ಗೊತ್ತುಮಾಡಿಕೊಂಡಿದ್ದೇನೆ. ಒಂದು ಫೋಟೊ ಮಾತ್ರ ಯಾವುದಕ್ಕೂ ಒಗ್ಗುತ್ತಿಲ್ಲ. ದಾಸವಾಳದ ಎಳೆ ಕುಡಿ, ಮೊಗ್ಗಿನ ಕೆಳಗಿನ ಎಲೆಯ ಮೇಲೆ ಚೆಲ್ಲಿದ ಹಾಗೆ ಬಿಳಿ ಚೂರುಗಳು. ಫೋಟೊ ತೆಗೆದವರು ‘ಬಿಳಿ ನೊಣ’ ಎಂದು ಬರೆದಿದ್ದಾರೆ, ತಿದ್ದಿದವರು ಅದನ್ನು ಹೊಡೆದು ‘ಹಿಟ್ಟು ತಿಗಣೆ’ ಮಾಡಿದ್ದಾರೆ. ಯಾವುದು ಸರಿ? ಜತೆಗೆ, ಬಲೆ ಕಟ್ಟುವ ಆ ಪುಟ್ಟ ಜೀವಿಗೆ ಬರೀ ‘ನುಸಿ’ ಎಂದರೆ ಸಾಕೇ?

ಉತ್ತರ

ಇದರಲ್ಲಿ ಗೊಂದಲ ಏನಿದೆ ಮೇಡಂ? ಹಿಟ್ಟು ಹಚ್ಚಿದಂತೆ ಬೆಳ್ಳಗಿದ್ದರೆ ಹಿಟ್ಟು ತಿಗಣೆ, ಮುಟ್ಟಿದರೆ ಹಾರಿದರೆ ಬಿಳಿ ನೊಣ. ಹೆಸರಿನಲ್ಲೇ ಗುರುತು ಇದೆ.

ಉತ್ತರ

ಹಾರಿದರೆ ಬಿಳಿ ನೊಣ ಎಂದದ್ದು ಸರಿ, ಆದರೆ ಫೋಟೊದಲ್ಲಿ ಯಾವುದೂ ಹಾರುವುದಿಲ್ಲವಲ್ಲ! ಅದರ ಮರಿಗಳಂತೂ ಹಾರುವುದೇ ಇಲ್ಲ. ಎಲೆಯ ಅಡಿಗೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತವೆ, ಕಾಲು ಕಾಣುವುದಿಲ್ಲ.

ಬಣ್ಣ ಬಿಟ್ಟು ಆಕಾರ ನೋಡಿ. ಹಿಟ್ಟು ತಿಗಣೆಯಾದರೆ ಮೊಟ್ಟೆಯಾಕಾರದ ಮೈ, ಅದರ ಮೇಲೆ ಅಡ್ಡ ಗೆರೆಗಳು, ಅಂಚಿನ ಸುತ್ತ ಮೇಣದ ಎಳೆಗಳು. ಹೆಚ್ಚಾಗಿ ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ ಹತ್ತಿಯಂತೆ ಗುಂಪುಗಟ್ಟುತ್ತದೆ. ಬೆಳೆದ ಬಿಳಿ ನೊಣ 1–2 ಮಿಲಿಮೀಟರ್ ಇರುತ್ತದೆ, ಪುಡಿ ಬಳಿದಂಥ ರೆಕ್ಕೆ ಮಡಚಿ ಕೂರುತ್ತದೆ.

ನಿಮ್ಮ ಚೂರುಗಳು ಎರಡೂ ಅಲ್ಲ ಎಂದು ನನ್ನ ಅನುಮಾನ. ಮೊಗ್ಗಿನ ತೊಟ್ಟಿನಲ್ಲಿ ಹಸಿರು ಹುಳುಗಳಿವೆಯೇ ನೋಡಿ. ಇದ್ದರೆ ಚಿತ್ರ ಹಿಗ್ಗಿಸಿ, ಒಂದೊಂದೇ ಬಿಳಿ ಚೂರನ್ನು ಅವುಗಳ ಪಕ್ಕ ಇಟ್ಟು ಹೋಲಿಸಿ. ಗಿಡಹೇನು ಬೆಳೆಯುತ್ತಾ ಹಲವು ಸಲ ಚರ್ಮ ಕಳಚುತ್ತದೆ. ಅದು ಸುರಿಸುವ ಸಿಹಿ ಅಂಟಿಗೆ ಸಿಕ್ಕಿ ಆ ಪೊರೆ ಕೆಳಗಿನ ಎಲೆಯಲ್ಲೇ ಉಳಿಯುತ್ತದೆ. ಪೊರೆ ಟೊಳ್ಳು, ಬೆಳಕು ಹಾಯುತ್ತದೆ, ಆದರೆ ಕಾಲುಗಳ ಅಚ್ಚು ಹಾಗೇ ಇರುತ್ತದೆ. ಅದೃಷ್ಟವಿದ್ದರೆ ಹಿಂಭಾಗದ ಎರಡು ಪುಟ್ಟ ಕೊಳವೆಗಳೂ ಕಂಡಾವು. ಆ ಜೋಡಿ ಕೊಳವೆ ಗಿಡಹೇನಿನ ಗುರುತು. ಈ ಪಟ್ಟಿಯ ಬೇರಾವುದಕ್ಕೂ ಇಲ್ಲ.

ಉತ್ತರ

ನನ್ನದೂ ಇದೇ ಸಮಸ್ಯೆ! ಎಲೆಗಳ ಮೇಲೆಲ್ಲ ಮಾಸಲು ಚುಕ್ಕೆ, ಅಡಿಯಲ್ಲಿ ಧೂಳು. ಹುಳು ಒಂದೂ ಕಾಣಿಸುತ್ತಿಲ್ಲ. ಫೋಟೊ ಲಗತ್ತಿಸಿದ್ದೇನೆ. ಬೇವಿನೆಣ್ಣೆ ಹೊಡೆಯಲೇ?

ಉತ್ತರ

ನಿಮ್ಮದು ಬೇರೆ ಕಥೆ. ಎಲೆಯಲ್ಲಿ ಅಂಟಿನ ಹೊಳಪಿಲ್ಲ, ತೊಟ್ಟಿನ ಬಳಿ ಬಲೆಯ ಎಳೆಯೊಂದು ಕಾಣುತ್ತಿದೆ. ನುಸಿ ಇರಬೇಕು. ಅದು ಅರ್ಧ ಮಿಲಿಮೀಟರ್‌ಗೂ ಚಿಕ್ಕದು, ಮೊಬೈಲ್ ಫೋಟೊದಲ್ಲಿ ಕಾಲು ಎಣಿಸುವ ಆಸೆ ಬಿಡಿ. ಬಿಳಿ ಹಾಳೆಯ ಮೇಲೆ ಎಲೆಯನ್ನು ತಟ್ಟಿ ಸ್ವಲ್ಪ ಕಾಯಿರಿ. ಉದುರಿದ ಚುಕ್ಕೆ ನಡೆದರೆ ಧೂಳಲ್ಲ. ಎಣ್ಣೆಯ ಮಾತು ಆಮೇಲೆ, ಅದೂ ಈ ಪದಚರ್ಚೆಯಲ್ಲಲ್ಲ.

ಮರುಪ್ರಶ್ನೆ

ಸರ್, ಮೂಲ ಫೋಟೊ ತರಿಸಿಕೊಂಡು ಹಿಗ್ಗಿಸಿದೆ. ತೊಟ್ಟಿನ ಸುತ್ತ ಹಸಿರು ಹುಳುಗಳಿವೆ. ಬಿಳಿ ಚೂರುಗಳಲ್ಲಿ ಹೆಚ್ಚಿನವು ಅವುಗಳದೇ ಆಕಾರ. ಒಂದರಲ್ಲಿ ಕಾಲುಗಳು ಸ್ಪಷ್ಟ, ಮೈಯೊಳಗಿಂದ ಎಲೆಯ ನರ ಕಾಣುತ್ತದೆ. ಕೊಳವೆ ಮಾತ್ರ ಗೊತ್ತಾಗಲಿಲ್ಲ. ಅಂಚಿನ ಎರಡು ಚೂರು ಮಸುಕು, ಏನೆಂದು ಹೇಳಲಾರೆ. ‘ಗಿಡಹೇನು ಮತ್ತು ಅದರ ಪೊರೆ’ ಎಂದು ಬರೆಯಲೇ?

ಉತ್ತರ

ಬರೆಯಿರಿ. ಮಸುಕಾದ ಎರಡನ್ನು ಚಿತ್ರದಿಂದ ಕತ್ತರಿಸಿಬಿಡಿ. ಪಕ್ಕದಲ್ಲಿ ಮಿಲಿಮೀಟರ್ ಗೆರೆಯ ಅಳತೆಪಟ್ಟಿ ಇಟ್ಟು ಇನ್ನೊಂದು ತೆಗೆಸಿದರೆ ಇನ್ನೂ ಒಳ್ಳೆಯದು. ಗಾತ್ರ ತಿಳಿಯದ ಫೋಟೊದಲ್ಲಿ ನುಸಿಯೂ ತಿಗಣೆಯೂ ಒಂದೇ ಅಳತೆಗೆ ಬಂದು ಕೂರುತ್ತವೆ.

ಬರೀ ‘ನುಸಿ’ ಬೇಡ. ಥ್ರಿಪ್ಸ್‌ಗೂ ನುಸಿ ಎನ್ನುವವರಿದ್ದಾರೆ, ಅದು ಆರು ಕಾಲಿನ ಕೀಟ. ‘ಜೇಡ ನುಸಿ’ ಎಂದರೆ ಬಲೆಯೂ ನೆನಪಾಗುತ್ತದೆ.

ಉತ್ತರ

‘ಜೇಡ ನುಸಿ’ ಎಂದರೆ ಓದುವವರು ಜೇಡವನ್ನೇ ಹುಡುಕುತ್ತಾರೆ. ‘ಮೈಟ್ ನುಸಿ’ ಬಳಕೆಯಲ್ಲಿದೆ, ಅದನ್ನೇ ಇಡಬಹುದು. ಇನ್ನು ‘ಪೊರೆ’ ಎಂದರೆ ನನಗೆ ಹಾವೇ ಕಣ್ಣಿಗೆ ಬರುತ್ತದೆ. ಹುಳುವಿಗೆ ‘ಕಳಚಿದ ಸಿಪ್ಪೆ’ ಅನ್ನಬಾರದೇ?

ಮರುಪ್ರಶ್ನೆ

‘ಸಿಪ್ಪೆ’ ಎಂದರೆ ಯಾರೋ ತಿಂದು ಬಿಟ್ಟದ್ದು ಎಂದಾಗುವುದಿಲ್ಲವೇ? ಸದ್ಯಕ್ಕೆ ‘ಪೊರೆ’ ಇಟ್ಟಿದ್ದೇನೆ. ನುಸಿಯ ಚಿತ್ರಕ್ಕೆ ಹೆಸರಿನ್ನೂ ಖಾಲಿ, ಬೇರೆಯವರೂ ಹೇಳಲಿ.